ಸಸಿಯ ದುಡ್ಡನ್ನು ಮಾರ್ಚ್ ತಿಂಗಳಿಂದ ಕಾಪಾಡಿದ್ದು

ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಯಲ್ಲಿ ನಮ್ಮದು ಎಲೆಕ್ಟ್ರಿಕಲ್ ಸಾಮಾನಿನ ಹೋಲ್‌ಸೇಲ್ ಅಂಗಡಿ. ವೈರು, ಸ್ವಿಚ್ಚು, ಎಂಸಿಬಿ, ಕೇಬಲ್. ಅಪ್ಪ ಮತ್ತು ಚಿಕ್ಕಪ್ಪ ಕಟ್ಟಿದ ವ್ಯಾಪಾರ. ನಾನು ಮತ್ತು ಚಿಕ್ಕಪ್ಪನ ಮಗ ಎರಡನೇ ತಲೆಮಾರು. 2021ರಲ್ಲಿ ನಾನು ಛಾವಣಿ ಸೋಲಾರ್‌ಗೆ ಬೇಕಾಗುವ ಸಾಮಾನು ಇಡೋಣ ಅಂದೆ. ಡಿಸಿ ಕೇಬಲ್, ಕನೆಕ್ಟರ್, ಪ್ಯಾನೆಲ್‌ನಿಂದ ಬರುವ ಡಿಸಿ ಕರೆಂಟಿಗೆ ಹಾಕುವ ಡಿಸಿಡಿಬಿ ಬಾಕ್ಸ್. ಪ್ಯಾನೆಲ್ ಬೇಡ, ಅದಕ್ಕೆ ಜಾಗವೂ ಜಾಸ್ತಿ, ಬೆಲೆಯೂ ದಿನಾ ಬೀಳುತ್ತೆ.

ಅದೇ ಸಮಯದಲ್ಲಿ ತ್ರೀ ಹೊರೈಜನ್ಸ್ ಲೆಕ್ಕಾಚಾರ ಓದಿದ್ದೆ. 1990ರ ದಶಕದ ಕೊನೆಗೆ ಮೆಕಿನ್ಸಿ ಸಲಹೆಗಾರರು ಹೇಳಿದ ಮಾದರಿ ಅದು. ಮೊದಲನೆಯದು ಇವತ್ತು ದುಡ್ಡು ತರುವ ವ್ಯಾಪಾರ. ಎರಡನೆಯದು ಈಗ ಚಿಗುರುತ್ತಿರುವ ವ್ಯಾಪಾರ. ಮೂರನೆಯದು ಮುಂದೆ ಆಗಬಹುದಾದದ್ದು, ಆಗದೇ ಇರಬಹುದಾದದ್ದು. ಮೂರನ್ನೂ ಒಂದೇ ಸಮಯದಲ್ಲಿ ನಡೆಸಬೇಕು ಅನ್ನುವುದು ಅದರ ತಿರುಳು. ಅಪ್ಪನಿಗೆ ವಿವರಿಸಿದಾಗ ಅವರು ಅವಕ್ಕೆ ಫಸಲು, ಸಸಿ, ಬೀಜ ಅಂತ ಹೆಸರಿಟ್ಟರು. ಮನೆಯಲ್ಲಿ ಈಗಲೂ ಅದೇ ಹೆಸರು.

ಮೊದಲ ಎರಡು ವರ್ಷ ನಾವು ಹೆಸರು ಮಾತ್ರ ಇಟ್ಟುಕೊಂಡಿದ್ದೆವು. ದುಡ್ಡು ಬೇರೆ ಮಾಡಿರಲಿಲ್ಲ. ಅದರ ಫಲ 2023ರ ಮಾರ್ಚ್‌ನಲ್ಲಿ ಗೊತ್ತಾಯಿತು.

ನಮ್ಮ ವ್ಯಾಪಾರದಲ್ಲಿ ಇರುವವರಿಗೆ ಮಾರ್ಚ್ ಅಂದರೆ ಟಾರ್ಗೆಟ್, ಅಂದರೆ ವರ್ಷಕ್ಕೆ ಇಷ್ಟು ಮಾಲು ಎತ್ತಬೇಕು ಅಂತ ಕಂಪನಿ ಇಟ್ಟ ಗುರಿ. ನಾವು ಮುಖ್ಯವಾಗಿ ಮಾಲು ತರುವ ಒಂದು ಕಂಪನಿಯಿಂದ ಆ ವರ್ಷ ಸುಮಾರು 4 ಕೋಟಿ ರೂಪಾಯಿ ಖರೀದಿ ಇತ್ತು. ಟಾರ್ಗೆಟ್ ಮುಟ್ಟಿದರೆ ಕಂಪನಿ ಖರೀದಿಯ 2% ಕ್ರೆಡಿಟ್ ನೋಟ್ ಆಗಿ ವಾಪಸ್ ಕೊಡುತ್ತೆ, ಅಂದರೆ 8 ಲಕ್ಷ. ಮಾರ್ಚ್ ಮಧ್ಯದ ಹೊತ್ತಿಗೆ ಟಾರ್ಗೆಟ್‌ಗೆ 18 ಲಕ್ಷದ ಮಾಲು ಕಡಿಮೆ ಬಿದ್ದಿತ್ತು. ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದಲ್ಲಿ, ಅಂದರೆ ಓಡಿಯಲ್ಲಿ, ತೆಗೆಯಲು ಉಳಿದಿದ್ದು 20 ಲಕ್ಷ ಮಾತ್ರ. ನಾನು 9 ಲಕ್ಷಕ್ಕೆ ಸೋಲಾರ್ ಕೇಬಲ್ ಡ್ರಮ್ ಆರ್ಡರ್ ಮಾಡಲು ಹೊರಟಿದ್ದೆ.

ಚಿಕ್ಕಪ್ಪ ನನ್ನ ಆರ್ಡರ್ ತಡೆದರು. "ನೋಡಮ್ಮ, 8 ಲಕ್ಷ ಕೈಗೆ ಬರೋದನ್ನ ಬಿಟ್ಟು ಕೇಬಲ್ ತಂದು ಗೋಡೌನಲ್ಲಿ ಇಡ್ತೀಯಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಸೋಲಾರ್‌ಗೂ ಮಾರ್ಚ್ ಸೀಸನ್ನೇ. ಕಾರ್ಖಾನೆಯವರು ಛಾವಣಿ ಮೇಲೆ ಸೋಲಾರ್ ಹಾಕಿಸಿದರೆ ಆದಾಯ ತೆರಿಗೆಯಲ್ಲಿ 40% ಸವಕಳಿ ಸಿಗುತ್ತೆ. ಆ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಹಾಗಾಗಿ ಪೂರ್ತಿ ಬೇಕು ಅನ್ನುವವರು ಸೆಪ್ಟೆಂಬರ್ ಒಳಗೆ, ಅರ್ಧವಾದರೂ ಸಿಗಲಿ ಅನ್ನುವವರು ಮಾರ್ಚ್ 31ರ ಒಳಗೆ ಚಾಲೂ ಮಾಡಲು ಓಡಾಡುತ್ತಾರೆ. ಪೀಣ್ಯದಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಒಬ್ಬ ಇನ್‌ಸ್ಟಾಲರ್‌ಗೆ ಆ ವಾರ 6 ಸ್ಕ್ವೇರ್ ಎಂಎಂ ಕೇಬಲ್ ಬೇಕಿತ್ತು. ನಮ್ಮಲ್ಲಿ ಇರಲಿಲ್ಲ. ಅವರು ಬೇರೆ ಕಡೆ ಹೋದರು. ಹೋಗುವಾಗ ನಮ್ಮಿಂದ ತೆಗೆದುಕೊಳ್ಳುತ್ತಿದ್ದ ಎಸಿ ಕೇಬಲ್ ಖರೀದಿಯನ್ನೂ ಅಲ್ಲಿಗೇ ಒಯ್ದರು.

ನಾನು ಕೂತು ಚಿಕ್ಕಪ್ಪನ ನಿರ್ಧಾರದ ಲೆಕ್ಕ ಹಾಕಿದೆ, ಅವರು ತಪ್ಪು ಅಂತ ತೋರಿಸುವ ಆಸೆಯಿಂದಲೇ. ಜಾಸ್ತಿ ಎತ್ತಿದ 18 ಲಕ್ಷದ ಮಾಲು ಖಾಲಿಯಾಗಲು 70 ದಿನ ಹಿಡಿದಿತ್ತು. ಅದಕ್ಕೆ ಓಡಿ ಬಡ್ಡಿ ಸುಮಾರು 36 ಸಾವಿರ. ಮಾರ್ಚ್‌ನಲ್ಲಿ ಇಡೀ ರಸ್ತೆಯೇ ಟಾರ್ಗೆಟ್‌ಗೆ ಮಾಲು ಎತ್ತುವುದರಿಂದ ಏಪ್ರಿಲ್‌ನಲ್ಲಿ ರೇಟು ಬೀಳುತ್ತೆ. ಅದರಲ್ಲಿ ಇನ್ನೊಂದು 36 ಸಾವಿರ ಹೋಯಿತು. ಒಟ್ಟು 72 ಸಾವಿರ ಖರ್ಚು ಮಾಡಿ 8 ಲಕ್ಷ ತಂದಿದ್ದರು. ಅವರು ಮಾಡಿದ್ದು ಸರಿಯೇ.

ಇಲ್ಲೇ ನನಗೆ ಈ ಮಾದರಿ ನಿಜವಾಗಿ ಅರ್ಥವಾಗಿದ್ದು. ಫಸಲು ಮತ್ತು ಸಸಿಯನ್ನು ಒಂದೇ ದಿನ, ಒಂದೇ ಗಲ್ಲಾದ ಮುಂದೆ ನಿಲ್ಲಿಸಿ ಕೇಳಿದರೆ ಪ್ರತಿ ಸಲ ಫಸಲೇ ಗೆಲ್ಲುತ್ತೆ. ಯಾರ ತಪ್ಪೂ ಇರುವುದಿಲ್ಲ, ಆದರೂ ಸಸಿ ಒಣಗುತ್ತೆ. ಅವೆರಡೂ ಒಂದೇ ದಿನ ಎದುರು ಬದುರು ನಿಲ್ಲದ ಹಾಗೆ ಮೊದಲೇ ನೋಡಿಕೊಳ್ಳಬೇಕಿತ್ತು.

ಏಪ್ರಿಲ್‌ನಲ್ಲಿ ಟ್ಯಾಲಿ ಲೆಕ್ಕ ತೆಗೆದು ಕೂತೆವು. ಫಸಲಿಗೆ 70%, ಸಸಿಗೆ 20%, ಬೀಜಕ್ಕೆ 10% ಹಂಚಬೇಕು ಅಂತ ಬಹಳ ಜನ ಹೇಳುತ್ತಾರೆ. ಆದರೆ ಯಾವುದನ್ನು ಹಂಚುವುದು? ನಮ್ಮಂಥ ವ್ಯಾಪಾರದಲ್ಲಿ ಮಾರಾಟದ ಅಂಕಿ ನೋಡಿದರೆ ದಾರಿ ತಪ್ಪುತ್ತೆ. ದುಡ್ಡು ಎಲ್ಲಿ ಸಿಕ್ಕಿಕೊಂಡಿದೆ ಅನ್ನುವುದನ್ನು ನೋಡಬೇಕು. ಹಾಗಾಗಿ ಪ್ರತಿ ಐಟಂ, ಪ್ರತಿ ಪಾರ್ಟಿಯ ಬಾಕಿಯ ಮುಂದೆ ಫಸಲು, ಸಸಿ, ಬೀಜ ಅಂತ ಗುರುತು ಹಾಕಿದೆವು. ಮೂರು ಭಾನುವಾರ ಹಿಡಿಯಿತು. ಒಟ್ಟು 2.80 ಕೋಟಿ ಸ್ಟಾಕ್ ಮತ್ತು ಬಾಕಿಯಲ್ಲಿತ್ತು. ಅದರಲ್ಲಿ ಫಸಲು 2.62 ಕೋಟಿ, ಸಸಿ 16 ಲಕ್ಷ, ಬೀಜ 2 ಲಕ್ಷ.

ಆದರೆ ಫಸಲು ಅಂತ ಬರೆದಿದ್ದೆಲ್ಲ ಫಸಲಾಗಿರಲಿಲ್ಲ. ಒಂದು ವರ್ಷದಿಂದ ಅಲ್ಲಾಡದ 19 ಲಕ್ಷದ ಮಾಲು ಅದರೊಳಗಿತ್ತು. ಹಳೇ ಮಾಡೆಲ್ ಸ್ವಿಚ್ ಪ್ಲೇಟು, ಟ್ಯೂಬ್‌ಲೈಟ್ ಪಟ್ಟಿ, ಸಿಎಫ್‌ಎಲ್ ಫಿಟಿಂಗು. ಆರು ತಿಂಗಳು ದಾಟಿದ ಉದ್ರಿ ಇನ್ನೊಂದು 12 ಲಕ್ಷ. ಈ 31 ಲಕ್ಷ ಯಾವ ಸಾಲಿಗೂ ಸೇರದ ದುಡ್ಡು. ಚಿಕ್ಕಪ್ಪನೇ ಆ ಪಟ್ಟಿಯನ್ನು ಕೈಗೆ ತೆಗೆದುಕೊಂಡು, "ಇದನ್ನ ನನಗೆ ಬಿಡು" ಅಂದರು. ಹಳೇ ಮಾಲನ್ನು ನಷ್ಟಕ್ಕೆ ಕೊಟ್ಟು, ಬಾಕಿದಾರರ ಅಂಗಡಿಗೆ ತಾವೇ ಹೋಗಿ ಕೂತು, ಎಂಟು ತಿಂಗಳಲ್ಲಿ 17 ಲಕ್ಷ ತಂದರು. 12 ಲಕ್ಷ ಸಸಿಗೆ, 3 ಲಕ್ಷ ಬೀಜಕ್ಕೆ, ಉಳಿದದ್ದು ಓಡಿಗೆ. ನಡೆಯುವ ವ್ಯಾಪಾರದ ಒಂದು ರೂಪಾಯಿಯನ್ನೂ ಕಿತ್ತುಕೊಳ್ಳಲಿಲ್ಲ. ಹಾಗಾಗಿ ಮನೆಯಲ್ಲಿ ಜಗಳವೂ ಆಗಲಿಲ್ಲ.

ಇನ್ನು ಮಾರ್ಚ್. ಸಸಿಯ ದುಡ್ಡನ್ನು ಬೇರೆ ಖಾತೆಯಲ್ಲಿ ಇಡೋಣ ಅಂತ ಮೊದಲು ಅಂದುಕೊಂಡೆವು. ಆದರೆ ಒಂದು ಕಡೆ ದುಡ್ಡು ಸುಮ್ನೆ ಕೂತು, ಇನ್ನೊಂದು ಕಡೆ ಓಡಿಗೆ ಬಡ್ಡಿ ಕಟ್ಟುವುದು ಯಾವ ವ್ಯಾಪಾರಿಗೂ ಒಪ್ಪುವ ಮಾತಲ್ಲ. ಅದಕ್ಕೆ ಬದಲಾಗಿ ಜನವರಿ ಕೊನೆಯ ಒಳಗೆ ಆ ದುಡ್ಡನ್ನು ಮಾಲಾಗಿ ಮಾಡಿಬಿಡುತ್ತೇವೆ. ಡ್ರಮ್ಮು ಸುಂಕದಕಟ್ಟೆ ಗೋಡೌನಿಗೆ ಬಂದು ಬಿದ್ದ ಮೇಲೆ ಅದನ್ನು ಯಾರೂ ಟಾರ್ಗೆಟ್‌ಗೆ ಬಳಸಲಾಗದು. ಟಾರ್ಗೆಟ್ ಮಾಲನ್ನೂ ಜನವರಿ, ಫೆಬ್ರವರಿ, ಮಾರ್ಚ್ ಅಂತ ಮೂರು ಕಂತಿನಲ್ಲಿ ಎತ್ತುತ್ತೇವೆ. ಇದರಲ್ಲಿ ಒಂದು ಅಪಾಯ ಇದೆ. ಎರಡು ತಿಂಗಳಲ್ಲಿ ತಾಮ್ರದ ಬೆಲೆ ಇಳಿದರೆ ಕೇಬಲ್ ಬೆಲೆಯೂ ಇಳಿಯುತ್ತೆ, ಆ ನಷ್ಟ ನಮ್ಮದೇ. ಅದಕ್ಕೇ ಒಂದು ಸೀಸನ್ನಿಗೆ ಬೇಕಾದಷ್ಟೇ ತರುತ್ತೇವೆ.

ಒಂದು ವಿಷಯ ನಾನು ಮೊದಲು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಡಿಸಿಡಿಬಿ ಬಾಕ್ಸ್ ಮಾಡಿಕೊಡುವವರು ಪೀಣ್ಯದ ಸಣ್ಣ ಘಟಕದವರು. 2023-24ರ ಲೆಕ್ಕದ ವರ್ಷದಿಂದ ಆದಾಯ ತೆರಿಗೆಯ 43ಬಿ(ಎಚ್) ನಿಯಮ ಬಂತು. ಸಣ್ಣ ತಯಾರಕರಿಗೆ ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ಗಡುವು ಮೀರಿದರೆ, ಹಣ ಕೊಟ್ಟ ವರ್ಷದಲ್ಲಿ ಮಾತ್ರ ಅದನ್ನು ಖರ್ಚು ಅಂತ ತೋರಿಸಬಹುದು. ನಮ್ಮ ಇನ್‌ಸ್ಟಾಲರ್‌ಗಳು ನಮಗೆ ಕೊಡುವುದು 75 ದಿನಕ್ಕೆ. ನಾವು ತಯಾರಕರಲ್ಲ, ವ್ಯಾಪಾರಿಗಳು, ಆದ್ದರಿಂದ ಆ ರಕ್ಷಣೆ ನಮಗಿಲ್ಲ. ಮಧ್ಯದ 30 ದಿನ ನಾವೇ ಹೊರಬೇಕು. ಸಸಿಗೆ ಕೊಟ್ಟ 12 ಲಕ್ಷದಲ್ಲಿ ದೊಡ್ಡ ಪಾಲು ಇದಕ್ಕೇ ಹೋಯಿತು. ಹೊಸ ಸಾಲಿನ ವ್ಯಾಪಾರ ಶುರು ಮಾಡುವವರು ಮಾರ್ಜಿನ್ ನೋಡುವ ಮೊದಲು ಈ ದಿನಗಳ ಲೆಕ್ಕ ಹಾಕಿ.

ಸಸಿಯನ್ನು ಅಳೆಯುವ ರೀತಿಯೂ ಬದಲಾಯಿಸಿದೆವು. ಮೊದಲ ವರ್ಷ ಸೋಲಾರ್‌ನಲ್ಲಿ 34 ಲಕ್ಷ ಮಾರಾಟ, 14% ಮಾರ್ಜಿನ್. ಅದಕ್ಕೇ ಅಂತ ಇಟ್ಟ ಹುಡುಗನ ಸಂಬಳ 3 ಲಕ್ಷ ಕಳೆದರೆ ಉಳಿದದ್ದು ಬಹಳ ಕಡಿಮೆ. ಲಾಭ ಮಾತ್ರ ನೋಡಿದ್ದರೆ ಅವತ್ತೇ ಮುಚ್ಚುತ್ತಿದ್ದೆವು. ನಾವು ತಿಂಗಳಿಗೊಮ್ಮೆ ಒಂದೇ ಪ್ರಶ್ನೆ ಕೇಳುತ್ತಿದ್ದೆವು. ಒಮ್ಮೆ ಕೊಂಡವರಲ್ಲಿ ಎಷ್ಟು ಜನ 60 ದಿನದೊಳಗೆ ಮತ್ತೆ ಬಂದರು? ಮೊದಲು ಐವರಲ್ಲಿ ಒಬ್ಬರು. ಒಂದೂವರೆ ವರ್ಷದ ಮೇಲೆ ಮೂವರು.

2025ರಲ್ಲಿ ಸೋಲಾರನ್ನು ಫಸಲಿಗೆ ಸೇರಿಸಲು ಅವಸರ ಮಾಡಿದೆವು. ಎಲ್ಲವನ್ನೂ ಮುಖ್ಯ ಕೌಂಟರಿಗೆ ತಂದೆವು. ಎರಡನೇ ವಾರವೇ ಕೌಂಟರ್ ಹುಡುಗ ಡಿಸಿ ಕಡೆಗೆ ಮಾಮೂಲಿ ಎಸಿ ಎಂಸಿಬಿ ಕೊಟ್ಟು ಕಳಿಸಿದ. ನೋಡಲು ಎರಡೂ ಒಂದೇ ಥರ. ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುವುದರಿಂದ ಸ್ವಿಚ್ ತೆರೆದಾಗ ಕಿಡಿ ಆರುತ್ತೆ. ಡಿಸಿ ಸೊನ್ನೆಗೆ ಬರುವುದೇ ಇಲ್ಲ, ಕಿಡಿ ಹಾಗೇ ಉರಿಯುತ್ತೆ, ಬೆಂಕಿಯಾಗಬಹುದು. ಇನ್‌ಸ್ಟಾಲರ್ ನೋಡಿ ವಾಪಸ್ ತಂದಿದ್ದಕ್ಕೆ ನಾವು ಉಳಿದೆವು. ನಮ್ಮ ಹುಡುಗರು ಯಾರನ್ನೂ ಕೇಳದೆ ಸರಿಯಾಗಿ ಮಾರಬಲ್ಲ ಐಟಂ ಮಾತ್ರ ಈಗ ಕೌಂಟರಿಗೆ ಬರುತ್ತೆ. ಕೇಬಲ್ ಮತ್ತು ಕನೆಕ್ಟರ್ ಬಂದಿವೆ. ಡಿಸಿಡಿಬಿ, ಡಿಸಿ ಎಂಸಿಬಿ ಇನ್ನೂ ಸಸಿಯ ಕಪಾಟಿನಲ್ಲೇ ಇವೆ.

ಬೀಜದ 3 ಲಕ್ಷದಲ್ಲಿ 2024ರಲ್ಲಿ ಕಾರ್ ಚಾರ್ಜರ್ ಪ್ರಯತ್ನಿಸಿದೆವು. ಅಪಾರ್ಟ್‌ಮೆಂಟ್ ಸಂಘಗಳು ನಮ್ಮಿಂದ 7.4 ಕಿಲೋವ್ಯಾಟ್ ಚಾರ್ಜರ್ ಕೊಳ್ಳುತ್ತವೆಯೇ ಅನ್ನುವುದು ಪ್ರಶ್ನೆ. ಆರು ತಿಂಗಳಲ್ಲಿ ಎರಡು ಸಂಘಗಳಾದರೂ ದುಡ್ಡು ಕೊಡದಿದ್ದರೆ ನಿಲ್ಲಿಸುವುದು ಅಂತ ಮೊದಲೇ ಬರೆದು ಅಪ್ಪನ ಸಹಿ ಹಾಕಿಸಿದ್ದೆ. ಒಂದೂ ಬರಲಿಲ್ಲ. ಎಷ್ಟೋ ಕಾರುಗಳ ಜೊತೆ ಚಾರ್ಜರ್ ಕಂಪನಿಯಿಂದಲೇ ಬರುತ್ತೆ. ನಿಲ್ಲಿಸಿದೆವು. ಆದರೆ ಮೀಟರ್ ಬೋರ್ಡಿನಿಂದ ನೆಲಮಾಳಿಗೆಯ ಪಾರ್ಕಿಂಗ್‌ಗೆ 40-50 ಮೀಟರ್ ಕೇಬಲ್, ಎಂಸಿಬಿ, ಆರ್‌ಸಿಸಿಬಿ ಎಲ್ಲರಿಗೂ ಬೇಕು ಅನ್ನುವುದು ಆಗ ಗೊತ್ತಾಯಿತು. ಅದನ್ನು ಒಂದು ಸೆಟ್ ಮಾಡಿ ಮರುತಿಂಗಳೇ ಕೌಂಟರಿನಲ್ಲಿ ಇಟ್ಟೆವು, ಅದು ನೇರ ಫಸಲಿಗೆ ಸೇರಿತು. ಈ ಮೂರು ಸಾಲುಗಳನ್ನು ಒಂದು ವರ್ಷ, ಮೂರು ವರ್ಷ, ಐದು ವರ್ಷ ಅಂತ ಕ್ಯಾಲೆಂಡರಿಗೆ ಕಟ್ಟುವುದನ್ನು ನಾನು ಬಿಟ್ಟಿದ್ದು ಇದಾದ ಮೇಲೆ. ಸೋಲಾರ್ ನಾಲ್ಕು ವರ್ಷ ತೆಗೆದುಕೊಂಡಿತು, ಈ ಸೆಟ್ ಏಳು ತಿಂಗಳು. ಆ ಐಟಂ ಬಗ್ಗೆ ನಮಗೆ ಎಷ್ಟು ಖಚಿತವಾಗಿ ಗೊತ್ತಿದೆ ಅನ್ನುವುದರ ಮೇಲೆ ಈಗ ಸಾಲು ತೀರ್ಮಾನವಾಗುತ್ತೆ.

ಚಾರ್ಜರ್ ಪ್ರಯತ್ನದಲ್ಲಿ ಉಳಿದ 1 ಲಕ್ಷದ 10 ಸಾವಿರ ಇನ್ನೂ ಬೀಜದ ಲೆಕ್ಕದಲ್ಲೇ ಇದೆ. ಅದನ್ನು ಯಾವುದಕ್ಕೆ ಹಾಕುವುದು ಅಂತ ಈ ಸಲ ಚಿಕ್ಕಪ್ಪ ಹೇಳುತ್ತೇನೆ ಅಂದಿದ್ದಾರೆ.