ಜೂನ್ 1ಕ್ಕೆ ಮಗುವಿನ ವಯಸ್ಸೆಷ್ಟು? DATEDIF ಬಳಸಿ ವರ್ಷ, ತಿಂಗಳು, ದಿನ ತೆಗೆಯುವುದು

ನಮ್ಮಲ್ಲಿ ಒಂದನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬುದು ನಿಯಮ. 2025-26ರ ಸಾಲಿಗೆ ಮಾತ್ರ ಸರ್ಕಾರ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿತ್ತು. ಹಾಗಾಗಿ ಆ ಸಾಲಿನ ದಾಖಲಾತಿ ಪಟ್ಟಿಗೆ ಬರೀ ವರ್ಷ ಸಾಕಾಗುತ್ತಿರಲಿಲ್ಲ, ತಿಂಗಳೂ ದಿನವೂ ಬೇಕಾಗಿದ್ದವು. ಇಂಥ ಪಟ್ಟಿಯನ್ನು ನಾನು ಎಕ್ಸೆಲ್‌ನಲ್ಲಿ ಮಾಡುವ ಕ್ರಮವನ್ನು, ಅದೇ ಸಾಲನ್ನು ಉದಾಹರಣೆಯಾಗಿ ಇಟ್ಟುಕೊಂಡು, ಇಲ್ಲಿ ಬರೆಯುತ್ತೇನೆ.

ಹಾಳೆಯ ಜೋಡಣೆ ಸರಳ. B ಕಾಲಂನಲ್ಲಿ ಮಗುವಿನ ಹೆಸರು, C ಕಾಲಂನಲ್ಲಿ ಜನ್ಮ ದಿನಾಂಕ, D, E, F ಕಾಲಂಗಳಲ್ಲಿ ಕ್ರಮವಾಗಿ ವರ್ಷ, ತಿಂಗಳು, ದಿನ. ಯಾವ ದಿನಕ್ಕೆ ವಯಸ್ಸು ಬೇಕೋ ಆ ದಿನಾಂಕ, ಅಂದರೆ 01-06-2025, H1 ಸೆಲ್‌ನಲ್ಲಿ ಒಂದೇ ಕಡೆ ಇರಲಿ. ಅನೇಕರು ಅಲ್ಲಿ TODAY() ಹಾಕಿಬಿಡುತ್ತಾರೆ. ಹಾಗೆ ಮಾಡಿದರೆ ಇವತ್ತು ಪ್ರಿಂಟ್ ತೆಗೆದ ಪಟ್ಟಿಗೂ ವಾರ ಬಿಟ್ಟು ತೆಗೆದ ಪಟ್ಟಿಗೂ ತಾಳೆಯಾಗುವುದಿಲ್ಲ. ದಾಖಲಾತಿಗೆ ಬೇಕಾದದ್ದು ನಿಗದಿತ ದಿನದ ವಯಸ್ಸು, ಇವತ್ತಿನದಲ್ಲ.

2ನೇ ಸಾಲಿನಲ್ಲಿ D, E ಕಾಲಂಗಳ ಸೂತ್ರಗಳು ಇವು:

```
=DATEDIF(C2,$H$1,"Y")
=DATEDIF(C2,$H$1,"YM")
```

"Y" ಎಂದರೆ ತುಂಬಿದ ವರ್ಷಗಳು. "YM" ಎಂದರೆ ಆ ವರ್ಷಗಳನ್ನು ಬಿಟ್ಟು ಉಳಿದ ತುಂಬಿದ ತಿಂಗಳುಗಳು, ಹಾಗಾಗಿ ಅದು ಯಾವಾಗಲೂ 0ರಿಂದ 11ರೊಳಗೆ ಇರುತ್ತದೆ. ಬರೀ "M" ಹಾಕಿದರೆ ಹುಟ್ಟಿದಂದಿನಿಂದ ತುಂಬಿದ ಒಟ್ಟು ತಿಂಗಳು ಸಿಗುತ್ತದೆ. ಅದು ಮುಂದೆ ಬೇಕಾಗುತ್ತದೆ.

ಇದನ್ನು ಮೊದಲ ಸಲ ಟೈಪ್ ಮಾಡುವವರಿಗೆ ಒಂದು ಮಾತು. =DAT ಎಂದು ಬರೆದಾಗ ಕೆಳಗೆ ಇಳಿಯುವ ಪಟ್ಟಿಯಲ್ಲಿ DATE, DATEVALUE ಕಾಣುತ್ತವೆ, DATEDIF ಕಾಣುವುದಿಲ್ಲ. ಲೋಟಸ್ 1-2-3ರ ಹಳೆಯ ಹಾಳೆಗಳು ಓಡಲಿ ಎಂದು ಎಕ್ಸೆಲ್ ಉಳಿಸಿಕೊಂಡಿರುವ ಫಂಕ್ಷನ್ ಅದು, ಸಲಹೆಯ ಪಟ್ಟಿಗೆ ಸೇರಿಸಿಲ್ಲ. ಪೂರ್ತಿ ಹೆಸರನ್ನು ಕೈಯಾರೆ ಟೈಪ್ ಮಾಡಿದರೆ ಕೆಲಸ ಮಾಡುತ್ತದೆ. ಕೊನೆಯಲ್ಲಿ ಎರಡು F ಹಾಕಿದರೆ #NAME? ಬರುತ್ತದೆ. ವಾಟ್ಸಾಪ್‌ನಲ್ಲಿ ಬಂದ ಸೂತ್ರವನ್ನು ಹಾಗೇ ಅಂಟಿಸಿದಾಗಲೂ ದೋಷ ಬರುವುದುಂಟು. ಅಲ್ಲಿ ಉದ್ಧರಣ ಚಿಹ್ನೆಗಳು ಬಾಗಿರುತ್ತವೆ, ಎಕ್ಸೆಲ್‌ಗೆ ಬೇಕಾದದ್ದು ನೇರ ಚಿಹ್ನೆ.

ಇನ್ನು ದಿನಗಳ ಕಾಲಂ. ಎಲ್ಲರೂ ಹೇಳಿಕೊಡುವುದು "MD" ಹಾಕಿ ಎಂದು. 18-09-2019ರಂದು ಹುಟ್ಟಿದ ಮಗುವನ್ನು ತೆಗೆದುಕೊಳ್ಳಿ. 18-09-2024ಕ್ಕೆ 5 ವರ್ಷ ತುಂಬಿತು. ಅಲ್ಲಿಂದ 18-05-2025ಕ್ಕೆ 8 ತಿಂಗಳು. ಮೇ 18ರಿಂದ ಜೂನ್ 1ಕ್ಕೆ 14 ದಿನ. "MD" ಕೂಡ 14 ಎಂದೇ ಹೇಳುತ್ತದೆ. ಸರಿಯಾಗಿಯೇ ಇದೆಯಲ್ಲ ಎನಿಸುತ್ತದೆ, ಮತ್ತು ಜೂನ್ 1ರ ಮಟ್ಟಿಗೆ ಅದು ಎಂದೂ ಕೈಕೊಡುವುದಿಲ್ಲ. ಅದೇ ಹಾಳೆಯಲ್ಲಿ H1ಗೆ 01-03-2025 ಹಾಕಿ, C ಕಾಲಂನಲ್ಲಿ 31-08-2019 ಕೊಟ್ಟು ನೋಡಿ. 5 ವರ್ಷ, 6 ತಿಂಗಳು, -2 ದಿನ!

ಕಾರಣ "MD" ಲೆಕ್ಕ ಮಾಡುವ ರೀತಿಯಲ್ಲಿದೆ. ಕೊನೆಯ ದಿನಾಂಕದ 1ರಲ್ಲಿ ಹುಟ್ಟಿದ ತಾರೀಖು 31 ಕಳೆಯಲು ಆಗುವುದಿಲ್ಲವಾದ್ದರಿಂದ ಹಿಂದಿನ ತಿಂಗಳಿಂದ ದಿನಗಳನ್ನು ಸಾಲ ತರುತ್ತದೆ. ಹಿಂದಿನ ತಿಂಗಳು ಫೆಬ್ರವರಿ, ಅಲ್ಲಿರುವುದು 28 ದಿನ. 1ಕ್ಕೆ 28 ಸೇರಿಸಿದರೆ 29, ಅದರಲ್ಲಿ 31 ಕಳೆದರೆ -2. ಆಗಸ್ಟ್ 30ಕ್ಕೆ ಹುಟ್ಟಿದ ಮಗುವಿಗೆ -1, 29ಕ್ಕೆ ಹುಟ್ಟಿದ್ದಕ್ಕೆ 0 ಬರುತ್ತದೆ. ಜೂನ್ 1ರ ಲೆಕ್ಕದಲ್ಲಿ ಸಾಲ ಬರುವುದು ಮೇ ತಿಂಗಳಿಂದ. ಅಲ್ಲಿ 31 ದಿನ ಇರುವುದರಿಂದ ದೋಷ ಅಡಗಿಯೇ ಇರುತ್ತದೆ. ಒಂದು ವರ್ಷ ಸರಿಯಾಗಿ ಓಡಿದ ಹಾಳೆಯನ್ನು ಬೇರೆ ಕೆಲಸಕ್ಕೆ, ಬೇರೆ ದಿನಾಂಕಕ್ಕೆ ನಕಲು ಮಾಡಿದಾಗ ಮಾತ್ರ ಅದು ಹೊರಗೆ ಬರುತ್ತದೆ. "MD" ಬಳಸಬೇಡಿ, ಋಣಾತ್ಮಕ ಅಥವಾ ತಪ್ಪು ಉತ್ತರ ಬರಬಹುದು ಎಂದು ಮೈಕ್ರೋಸಾಫ್ಟ್‌ನ ಸಹಾಯ ಪುಟವೇ ಎಚ್ಚರಿಸುತ್ತದೆ.

ಅದಕ್ಕೇ ದಿನಗಳ ಕಾಲಂಗೆ ನಾನು ಹಾಕುವುದು ಇದು:

```
=$H$1-EDATE(C2,DATEDIF(C2,$H$1,"M"))
```

ಮೊದಲು ತುಂಬಿದ ಒಟ್ಟು ತಿಂಗಳು ಎಷ್ಟೆಂದು ತಿಳಿಯುತ್ತದೆ. ಜನ್ಮ ದಿನಾಂಕಕ್ಕೆ ಅಷ್ಟು ತಿಂಗಳು ಕೂಡಿಸಿದ ದಿನಾಂಕವನ್ನು EDATE ಕೊಡುತ್ತದೆ. ಅಲ್ಲಿಂದ H1ವರೆಗೆ ಉಳಿದದ್ದೇ ದಿನಗಳು. ಮೇಲಿನ ಉದಾಹರಣೆಯಲ್ಲಿ 31-08-2019ಕ್ಕೆ 66 ತಿಂಗಳು ಕೂಡಿಸಿದರೆ ಫೆಬ್ರವರಿ 31 ಇಲ್ಲದ ಕಾರಣ EDATE 28-02-2025ಕ್ಕೆ ನಿಲ್ಲುತ್ತದೆ, ಮಾರ್ಚ್ 1ಕ್ಕೆ 1 ದಿನ ಉಳಿಯುತ್ತದೆ. ಉತ್ತರ 5 ವರ್ಷ 6 ತಿಂಗಳು 1 ದಿನ. ಈ ಸೂತ್ರದಲ್ಲಿ ಋಣಸಂಖ್ಯೆ ಬರಲು ದಾರಿಯೇ ಇಲ್ಲ. ಆದರೆ ಇದಕ್ಕೂ ಮಿತಿಯಿದೆ: ಆಗಸ್ಟ್ 28, 29, 30, 31ರಂದು ಹುಟ್ಟಿದ ನಾಲ್ಕೂ ಮಕ್ಕಳಿಗೆ ಆ ಮಾರ್ಚ್ 1ರಂದು ಒಂದೇ ವಯಸ್ಸು ಬರುತ್ತದೆ. ತಿಂಗಳುಗಳ ಉದ್ದ ಒಂದೇ ಸಮ ಇಲ್ಲದಿರುವುದೇ ಇದಕ್ಕೆ ಕಾರಣ. ಹಿರಿಯ ಕಿರಿಯ ಎಂಬ ಕ್ರಮ ಬೇಕಿದ್ದರೆ ವಯಸ್ಸಿನ ಕಾಲಂ ಬಿಟ್ಟು ಜನ್ಮ ದಿನಾಂಕದ ಮೇಲೆಯೇ ಪಟ್ಟಿಯನ್ನು ಜೋಡಿಸಿ.

F ಕಾಲಂನಲ್ಲಿ 14ರ ಬದಲು 14-01-1900 ಎಂದು ಕಂಡರೆ ಗಾಬರಿ ಬೇಡ. ಸೆಲ್‌ನ ಫಾರ್ಮ್ಯಾಟ್ ದಿನಾಂಕದ್ದಾಗಿದೆ ಅಷ್ಟೆ, General ಮಾಡಿದರೆ ಅಂಕಿ ಕಾಣುತ್ತದೆ.

ಕೈಲೆಕ್ಕ ಮಾಡಿದವರು ಇಲ್ಲಿ ತಕರಾರು ತೆಗೆಯುವುದು ಖಂಡಿತ. ಕಾಗದದ ಮೇಲೆ ಕಳೆಯುವಾಗ ಬಹಳ ಮಂದಿ ತಿಂಗಳಿಗೆ 30 ದಿನ ಎಂದು ಹಿಡಿದು ಸಾಲ ತರುತ್ತಾರೆ. 1ಕ್ಕೆ 30 ಸೇರಿಸಿ 31, ಅದರಲ್ಲಿ 18 ಹೋದರೆ 13. ಹಾಳೆ ಹೇಳುವುದು 14. ಮೇ ತಿಂಗಳಿಗೆ 31 ದಿನ ಇರುವುದರಿಂದ ಹಾಳೆಯದೇ ಸರಿ. ಅರ್ಹತೆಗೆ ಇದರಿಂದ ವ್ಯತ್ಯಾಸವಾಗದಿದ್ದರೂ ರಿಜಿಸ್ಟರ್‌ನಲ್ಲಿ 13, ಪ್ರಿಂಟ್‌ನಲ್ಲಿ 14 ಇದ್ದರೆ ಮುಂದೆ ಯಾರಾದರೂ ಕೇಳಿಯೇ ಕೇಳುತ್ತಾರೆ, ಎರಡನ್ನೂ ಒಂದೇ ರೀತಿಯಲ್ಲಿ ತೆಗೆದಿಡಿ.

ಸೂತ್ರಕ್ಕಿಂತ ಹೆಚ್ಚು ಕಾಡುವುದು C ಕಾಲಂನಲ್ಲಿ ಬಂದು ಕೂತಿರುವ ದಿನಾಂಕಗಳು. 18.09.2019 ಎಂದು ಚುಕ್ಕೆ ಹಾಕಿ ಬರೆಯುವುದು ನಮ್ಮ ರೂಢಿ, ಎಕ್ಸೆಲ್ ಸಾಮಾನ್ಯವಾಗಿ ಅದನ್ನು ಬರೀ ಅಕ್ಷರಗಳೆಂದು ನೋಡಿ #VALUE! ಕೊಡುತ್ತದೆ. ಇದು ಒಳ್ಳೆಯ ದೋಷ, ಯಾಕೆಂದರೆ ಕಣ್ಣಿಗೆ ಬೀಳುತ್ತದೆ. ಕೆಟ್ಟದ್ದು ಸದ್ದಿಲ್ಲದೆ ಆಗುವಂಥದ್ದು. ಕಂಪ್ಯೂಟರ್‌ನ ರೀಜನ್ ಸೆಟ್ಟಿಂಗ್ English (United States) ಇದ್ದರೆ 05-08-2019 ಎಂದು ಟೈಪ್ ಮಾಡಿದ್ದನ್ನು ಅದು ಮೇ 8 ಎಂದು ಓದಿಕೊಳ್ಳುತ್ತದೆ. ಆಗಸ್ಟ್ 5ರ ಮಗುವಿಗೆ ಹೆಚ್ಚುಕಡಿಮೆ ಮೂರು ತಿಂಗಳು ವಯಸ್ಸು ಜಾಸ್ತಿಯಾಗುತ್ತದೆ, ಯಾವ ದೋಷವೂ ತೋರುವುದಿಲ್ಲ. ಅದೇ ಕಾಲಂನ 18-09-2019 ಮಾತ್ರ 18ನೇ ತಿಂಗಳು ಇಲ್ಲದ್ದರಿಂದ ಅಕ್ಷರವಾಗಿಯೇ ಉಳಿಯುತ್ತದೆ. ಗುರುತು ಇಷ್ಟೇ: ಕಾಲಂಗೆ ಯಾವ ಅಲೈನ್‌ಮೆಂಟನ್ನೂ ಕೊಡದೆ ನೋಡಿದಾಗ ನಿಜವಾದ ದಿನಾಂಕಗಳು ಬಲಕ್ಕೂ ಅಕ್ಷರಗಳು ಎಡಕ್ಕೂ ನಿಲ್ಲುತ್ತವೆ. ಕೆಲವು ಎಡ, ಕೆಲವು ಬಲ ಎಂದಿದ್ದರೆ ಬಲಕ್ಕಿರುವವನ್ನೇ ಮೊದಲು ಅನುಮಾನಿಸಿ, ಮೂಲ ಜನನ ಪ್ರಮಾಣಪತ್ರದ ಜೊತೆ ಹೋಲಿಸಿ.

ಹೀಗೆ ಅದಲುಬದಲಾದವನ್ನು ಆಮೇಲೆ ಬಿಡಿಸುವುದು ಕಷ್ಟ. ದಿನಾಂಕ ಅಂಟಿಸುವ ಮೊದಲೇ ಕಾಲಂಗೆ Text ಫಾರ್ಮ್ಯಾಟ್ ಕೊಟ್ಟು, ಎಲ್ಲವೂ ಅಕ್ಷರವಾಗಿಯೇ ಬರುವಂತೆ ಮಾಡಿ, ಯಾವುದಾದರೂ ಖಾಲಿ ಕಾಲಂನಲ್ಲಿ ಬಿಡಿಸಿಕೊಳ್ಳುವುದು ನಾನು ನಂಬುವ ದಾರಿ:

```
=DATE(RIGHT(C2,4),MID(C2,4,2),LEFT(C2,2))
```

ಚುಕ್ಕೆ ಇರಲಿ, ಗೀಟು ಇರಲಿ, ದಿನ ಮತ್ತು ತಿಂಗಳಿಗೆ ಎರಡೆರಡು ಅಂಕಿ, ವರ್ಷಕ್ಕೆ ನಾಲ್ಕು ಅಂಕಿ ಇದ್ದರೆ ಸಾಕು. 5.8.2019 ಎಂದಿದ್ದರೆ ಇದು ಕೆಡುತ್ತದೆ, ಅಂಥವಕ್ಕೆ ಮೊದಲು ಸೊನ್ನೆ ಸೇರಿಸಿ. C ಕಾಲಂನ ಫಾರ್ಮ್ಯಾಟನ್ನು Date ಎಂದು ಬದಲಿಸಿ, ಬಂದ ಫಲಿತಾಂಶವನ್ನು ಕಾಪಿ ಮಾಡಿ, ಅಲ್ಲಿ Paste Special ಮೂಲಕ Values ಆಗಿ ಅಂಟಿಸಿದರೆ ಸೂತ್ರಗಳೆಲ್ಲ ಜೀವ ಪಡೆಯುತ್ತವೆ. ಜನ್ಮ ದಿನಾಂಕದ ಸೆಲ್ ಖಾಲಿ ಇದ್ದರೆ ಎಕ್ಸೆಲ್ ಅದನ್ನು ಸೊನ್ನೆ ಎಂದು ಹಿಡಿದು 1900ರಿಂದ ಎಣಿಸುತ್ತದೆ. ಒಂದನೇ ತರಗತಿಯಲ್ಲಿ 125 ವರ್ಷದ ಮಗು ಕಂಡರೆ ಅರ್ಥ ಅದೇ. #NUM! ಬಂದರೆ ಜನ್ಮ ದಿನಾಂಕ H1ಕ್ಕಿಂತ ಮುಂದಿದೆ, ಬಹುತೇಕ ವರ್ಷ ತಪ್ಪಿ ಬಿದ್ದಿರುತ್ತದೆ.

ಅರ್ಹತೆ ನೋಡಲು ಮೂರು ಕಾಲಂಗಳನ್ನು ಬೇರೆ ಬೇರೆ ಪರೀಕ್ಷಿಸುವ ಗೋಜು ಬೇಡ. 5 ವರ್ಷ 5 ತಿಂಗಳು ಎಂದರೆ 65 ತಿಂಗಳು:

```
=IF(C2="","",IF(DATEDIF(C2,$H$1,"M")>=65,"ಅರ್ಹ","ಇಲ್ಲ"))
```

6 ವರ್ಷದ ನಿಯಮವಿದ್ದರೆ 65ರ ಜಾಗದಲ್ಲಿ 72. ಗಡಿಯ ದಿನ ಯಾವುದೆಂದು ಮೊದಲೇ ಗೊತ್ತಿದ್ದರೆ ಪರೀಕ್ಷೆ ಸುಲಭ. =EDATE(H1,-65) ಕೊಡುವುದು 01-01-2020. ಅಂದು ಹುಟ್ಟಿದ ಮಗು ಒಳಗೆ, ಮರುದಿನ 02-01-2020ಕ್ಕೆ ಹುಟ್ಟಿದ ಮಗುವಿಗೆ 64 ತಿಂಗಳಷ್ಟೇ ತುಂಬಿದ್ದು ಅದು ಹೊರಗೆ. ಪಟ್ಟಿ ಶುರುಮಾಡುವ ಮುನ್ನ ಈ ಎರಡು ದಿನಾಂಕಗಳನ್ನು ಹಾಕಿ ನೋಡುತ್ತೇನೆ. ಗಡಿಯಲ್ಲಿ ಸರಿ ಬಂದರೆ ನಡುವೆ ತಪ್ಪುವುದಿಲ್ಲ.

ದಿನಗಳನ್ನು 365ರಿಂದ ಭಾಗಿಸುವ ಅಡ್ಡದಾರಿ ಕೆಡುವುದೂ ಇದೇ ಗಡಿಯಲ್ಲಿ. 02-06-2019ರ ಮಗುವಿಗೆ 01-06-2025ರಂದು 6 ವರ್ಷ ತುಂಬಿಲ್ಲ, 5 ವರ್ಷ 11 ತಿಂಗಳು 30 ದಿನ. ಆದರೆ ನಡುವಿನ ದಿನಗಳು 2191, ಅದನ್ನು 365ರಿಂದ ಭಾಗಿಸಿದರೆ 6.0027, ಹಾಗಾಗಿ INT ಅದನ್ನು 6 ಮಾಡುತ್ತದೆ. 365.25 ಹಾಕಿದರೆ ತಪ್ಪು ಇನ್ನೊಂದು ಕಡೆಗೆ ವಾಲುತ್ತದೆ: 01-06-2021ರ ಮಗುವಿಗೆ 01-06-2027ಕ್ಕೆ ಸರಿಯಾಗಿ 6 ತುಂಬಿದರೂ ನಡುವೆ ಫೆಬ್ರವರಿ 29 ಬರುವುದು 2024ರಲ್ಲಿ ಒಂದೇ ಸಲ, 2191 ದಿನಕ್ಕೆ 5.9986 ಬಂದು INT ಅದನ್ನು 5ಕ್ಕೆ ಇಳಿಸುತ್ತದೆ.

ಪ್ರಿಂಟ್‌ಗೆ ಮೂರೂ ಕಾಲಂ ಒಟ್ಟಿಗೆ ಬೇಕೆಂದರೆ G ಕಾಲಂನಲ್ಲಿ ಜೋಡಿಸಬಹುದು:

```
=D2&" ವರ್ಷ "&E2&" ತಿಂಗಳು "&F2&" ದಿನ"
```

ಸೇವಾವಧಿ ಲೆಕ್ಕಕ್ಕೆ ಇದೇ ಹಾಳೆಯನ್ನು ಒಯ್ಯುವವರು ಒಂದು ವ್ಯತ್ಯಾಸ ನೆನಪಿಡಬೇಕು. ಸೇವೆಯಲ್ಲಿ ಸೇರಿದ ದಿನ ಮತ್ತು ಕೊನೆಯ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. 01-06-1995ರಿಂದ 31-05-2025 ಪೂರ್ತಿ 30 ವರ್ಷ, ಆದರೆ DATEDIF 29 ವರ್ಷ 11 ತಿಂಗಳು ಎನ್ನುತ್ತದೆ. ಅಲ್ಲಿ ಎಲ್ಲ ಕಡೆ $H$1 ಬದಲು $H$1+1 ಹಾಕಿ. ವಯಸ್ಸಿಗೆ ಅದು ಬೇಡ.

ಉಳಿದದ್ದು ಫೆಬ್ರವರಿ 29ಕ್ಕೆ ಹುಟ್ಟಿದವರು. 29-02-2020ರ ಮಗುವಿಗೆ ಜೂನ್ 1ರ ಲೆಕ್ಕದಲ್ಲಿ ಏನೂ ತೊಡಕಿಲ್ಲ. ನಿಗದಿತ ದಿನ 28-02-2026 ಆಗಿದ್ದರೆ ಮಾತ್ರ DATEDIF ಇನ್ನೂ 5 ವರ್ಷ ಎನ್ನುತ್ತದೆ, ಮಾರ್ಚ್ 1ಕ್ಕೆ 6 ಮಾಡುತ್ತದೆ. =EDATE(C2,72) ಎಂದು ಕೇಳಿದರೆ ಅದು 28-02-2026 ಎಂದು ಒಂದು ದಿನ ಮೊದಲೇ ಉತ್ತರಿಸುತ್ತದೆ. ಒಂದೇ ಪಟ್ಟಿಯಲ್ಲಿ ಅರ್ಹತೆಗೆ ಎರಡು ಬಗೆಯ ಸೂತ್ರ ಬೆರೆಸಿದರೆ ಒಂದು ಕಾಲಂ ಅರ್ಹ ಎಂದು, ಇನ್ನೊಂದು 5 ವರ್ಷ ಎಂದು ಹೇಳುವುದು ಹೀಗೆಯೇ. ಅರ್ಹತೆಯ ತೀರ್ಮಾನವನ್ನು "M" ಸೂತ್ರಕ್ಕೇ ಬಿಡಿ.