ನಾಲ್ಕಕ್ಕೆ ನಾಲ್ಕೂ ಸರಿ ಹೇಳಿದವನನ್ನು ಪರೀಕ್ಷಿಸುವುದು ಹೇಗೆ?

ಗಂಜಿನಲ್ಲಿ ತೊಗರಿ ಮಾರಿದ ದುಡ್ಡು ಇನ್ನೂ ಕೈಯಲ್ಲಿರುತ್ತದೆ, ಅಷ್ಟರಲ್ಲಿ ಐಪಿಎಲ್ ಶುರುವಾಗುತ್ತದೆ. ಹೋದ ಹಂಗಾಮಿನಲ್ಲಿ ಕಲಬುರಗಿಯ ನಮ್ಮ ಓಣಿಯ ಹುಡುಗ, ದಾಲ್ ಮಿಲ್ಲಿನಲ್ಲಿ ದುಡಿಯುವವನು, ಮೊಬೈಲ್ ಹಿಡಿದು ಬಂದ. "ಕಾಕಾ, ಇವಾ ನಾಕಕ್ಕ ನಾಕೂ ಮ್ಯಾಚ್ ಖರೇ ಹೇಳ್ಯಾನ. ಐದನೇದಕ್ಕ ಎರಡು ಸಾವಿರ ಕೇಳ್ಲಕತ್ಯಾನ. ಹಾಕ್ಲೇನ್ರಿ?"

ಮೆಸೇಜುಗಳನ್ನು ನೋಡಿದೆ. ನಾಲ್ಕೂ ಟಾಸಿಗೆ ಮುಂಚೆಯೇ ಬಂದಿದ್ದವು, ತಿದ್ದಿದ ಗುರುತಿರಲಿಲ್ಲ. ಹುಡುಗ ನಂಬಿದ್ದರಲ್ಲಿ ಆಶ್ಚರ್ಯವಿಲ್ಲ.

ಮೊದಲು ಲೆಕ್ಕ ಹಾಕಿ. ವಂಚಕನ ಬಳಿ 800 ನಂಬರುಗಳಿವೆ ಎಂದುಕೊಳ್ಳಿ. 400 ಜನರಿಗೆ ಒಂದು ತಂಡ ಗೆಲ್ಲುತ್ತದೆ ಎಂದು ಕಳಿಸುತ್ತಾನೆ, ಉಳಿದ 400 ಜನರಿಗೆ ಎದುರಾಳಿ ತಂಡ. ಯಾರು ಗೆದ್ದರೂ 400 ಜನರಿಗೆ ಅವನ ಮಾತು ನಿಜ. ತಪ್ಪು ಹೋದವರನ್ನು ಬಿಟ್ಟು, ಸರಿ ಬಂದವರನ್ನು ಮತ್ತೆ ಎರಡು ಭಾಗ ಮಾಡುತ್ತಾನೆ. ಎರಡನೇ ಮ್ಯಾಚಿಗೆ 200, ಮೂರನೆಯದಕ್ಕೆ 100, ನಾಲ್ಕನೆಯದಕ್ಕೆ 50 ಜನ ಉಳಿಯುತ್ತಾರೆ. ಆ 50 ಜನರಿಗೆ ಅವನು ದೇವರು. ತಲೆಗೆ ಎರಡು ಸಾವಿರ ಕೊಟ್ಟರೆ ಒಂದು ಲಕ್ಷ. ಕ್ರಿಕೆಟ್ಟಿನ ಗಂಧವೂ ಬೇಕಿಲ್ಲ.

ಎರಡನೆಯದಾಗಿ, ತಪ್ಪು ಮೆಸೇಜ್ ಬಂದವರನ್ನು ಹುಡುಕಿ. ಅದೇ ನಂಬರಿನಿಂದ ನೆಂಟರಿಗೆ, ಕೆಲಸದ ಜೊತೆಗಾರರಿಗೆ ಏನು ಬಂದಿತ್ತು ಎಂದು ಕೇಳಿ. ಸೋತವರು ತಾವಾಗಿ ಹೇಳುವುದಿಲ್ಲ, ಕೇಳಲೇಬೇಕು. ನಮ್ಮ ಹುಡುಗ ಶಹಾಬಾದಿನ ಭಾವನಿಗೆ ಫೋನ್ ಮಾಡಿದ. ಅವರ ಮೊಬೈಲಿನಲ್ಲಿ ಎರಡನೇ ಮ್ಯಾಚಿಗೆ ಅದೇ ನಂಬರ್ ಎದುರಾಳಿ ತಂಡದ ಹೆಸರು ಕಳಿಸಿತ್ತು. ಆಮೇಲೆ ಅವರಿಗೆ ಒಂದು ಮೆಸೇಜೂ ಬಂದಿರಲಿಲ್ಲ. ಹುಡುಗನ ಎರಡು ಸಾವಿರ ಉಳಿಯಿತು.

ಟೆಲಿಗ್ರಾಂ ಚಾನೆಲ್ಲಾದರೆ ಆಟವೇ ಬೇರೆ. ಅಲ್ಲಿ ತಪ್ಪಿದ್ದನ್ನು ಅಳಿಸಿಬಿಡುತ್ತಾರೆ, ಅಳಿಸಿದ್ದರ ಕುರುಹೂ ಉಳಿಯುವುದಿಲ್ಲ. ಹೀಗಾಗಿ ಮ್ಯಾಚಿಗೆ ಮುಂಚೆಯೇ ಪ್ರತಿ ಭವಿಷ್ಯದ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಮರುದಿನ ಚಾನೆಲ್ಲಿಗೆ ಹೋಗಿ ತಾಳೆ ನೋಡಿ.

ದುಡ್ಡು ಹಾಕಿದವರಿಗೆ ಮುಂದೆ ಒಂದು ಲಿಂಕ್ ಬರುತ್ತದೆ. ಹೆಸರಾಂತ ಸೈಟಿನದೇ ಬಣ್ಣ, ಅದೇ ಲಾಂಛನ. ವಿಳಾಸದಲ್ಲಿ ಮಾತ್ರ ಒಂದಕ್ಷರ ಆಚೀಚೆ. ಪರದೆ ಮೇಲೆ 40 ಸಾವಿರ ಗೆದ್ದಂತೆ ತೋರುತ್ತದೆ. ತೆಗೆಯಲು ಹೋದರೆ "ಮೊದಲು ಟ್ಯಾಕ್ಸ್ ಕಟ್ಟಿ" ಎನ್ನುತ್ತಾರೆ. ಗೆದ್ದ ಹಣದ ತೆರಿಗೆಯನ್ನು ಆ ಹಣದಲ್ಲೇ ಮುರಿದುಕೊಳ್ಳುತ್ತಾರೆ, ಮುಂಗಡ ಕಟ್ಟಿಸಿಕೊಳ್ಳುವುದಿಲ್ಲ. ಟ್ಯಾಕ್ಸ್ ಹಣ ಯಾರದೋ ಸ್ವಂತ ಯುಪಿಐಗೆ ಹೋಗುತ್ತಿದ್ದರೆ ಇನ್ನೇನೂ ನೋಡಬೇಕಿಲ್ಲ.

ಕಟ್ಟಿಬಿಟ್ಟಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ, ಇಲ್ಲವೇ cybercrime.gov.in ನಲ್ಲಿ ದೂರು ಕೊಡಿ. ಯುಪಿಐ ವ್ಯವಹಾರದ 12 ಅಂಕಿಗಳ ಸಂಖ್ಯೆ ಕೈಯಲ್ಲಿರಲಿ. ಹಣ ಇನ್ನೊಂದು ಖಾತೆಗೆ ಜಾರುವ ಮೊದಲು ತಡೆಹಿಡಿಯಲು ಅದು ಬೇಕು. ಬೆಟ್ಟಿಂಗ್ ಎಂದರೆ ತಮ್ಮ ಮೇಲೇ ಕೇಸಾದೀತು ಎಂದು ಹೆದರಿ ನಾಲ್ಕು ದಿನ ಸುಮ್ಮನಿರುವವರನ್ನು ಕಂಡು ಹೊಟ್ಟೆ ಉರಿಯುತ್ತದೆ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಶಿಕ್ಷೆ ಇಟ್ಟಿರುವುದು ಹಣದಾಟ ಆಡಿಸುವವರಿಗೆ, ಅದರ ಜಾಹೀರಾತು ಮಾಡುವವರಿಗೆ. ಚಾಟ್ ಅಳಿಸಬೇಡಿ, ದೂರಿಗೆ ಅದೇ ಸಾಕ್ಷಿ.