ಹೊಲಿಗೆ, ಆಲ್ಟರೇಷನ್ ಕೆಲಸಕ್ಕೆ ಸಣ್ಣ ಸಾಲ: ಬ್ಯಾಂಕಿಗೆ ಕೊಡುವ ಪತ್ರವನ್ನು ಬರೆಯುವುದು ಹೇಗೆ?

ಮನೆಯಲ್ಲಿಯೇ ಜಂಪರ್ ಹೊಲಿದು, ಪಿಕೋ-ಫಾಲ್ ಮಾಡಿ, ಪ್ಯಾಂಟು-ಚೂಡಿದಾರಗಳ ಫಿಟಿಂಗ್ ಸರಿಪಡಿಸಿ ಸಂಪಾದಿಸುವ ಮಹಿಳೆಯರು ಕಲಬುರಗಿಯ ಬಡಾವಣೆ ಬಡಾವಣೆಯಲ್ಲಿಯೂ ಇದ್ದಾರೆ. ಅವರು ಸಾಲಕ್ಕೆಂದು ಬ್ಯಾಂಕಿಗೆ ಹೋದಾಗ ಅಲ್ಲಿನ ನಮೂನೆಯ ಜೊತೆಗೆ ತಮ್ಮದೇ ಒಂದು ಪುಟದ ಪತ್ರವನ್ನು ಲಗತ್ತಿಸುವುದು ಒಳ್ಳೆಯದು. ನಮೂನೆಯಲ್ಲಿ ಹೆಸರು, ವಿಳಾಸ, ಮೊತ್ತಗಳಿಗೆ ಜಾಗವಿರುತ್ತದೆಯೇ ಹೊರತು, ಕೆಲಸ ಕಡಿಮೆಯಿರುವ ತಿಂಗಳಲ್ಲಿ ಕಂತನ್ನು ಎಲ್ಲಿಂದ ಕಟ್ಟುತ್ತೀರಿ ಎಂಬುದನ್ನು ವಿವರಿಸಲು ಜಾಗವಿರುವುದಿಲ್ಲ. ಸಾಲ ಕೊಡುವವರು ತಿಳಿಯಬಯಸುವುದು ಮುಖ್ಯವಾಗಿ ಅದನ್ನೇ.

ಕೇಂದ್ರ ಸರ್ಕಾರವು 2015ರಲ್ಲಿ ಆರಂಭಿಸಿದ ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಾಲ ದೊರೆಯುತ್ತದೆ. ಇಲ್ಲಿ ಅಂಥದೊಂದು ಸಾಲವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬ್ರಹ್ಮಪುರದ ಕಡೆ ಮನೆಯಲ್ಲಿ ಕಾಲ್ತುಳಿ ಮಷೀನು ಇಟ್ಟುಕೊಂಡು ಕೆಲಸ ಮಾಡುವ ಮಹಿಳೆಯೊಬ್ಬರು ಪವರ್ ಮಷೀನು ಮತ್ತು ಓವರ್‌ಲಾಕ್ ಮಷೀನು ಕೊಳ್ಳಲು ಸಾಲ ಕೇಳುತ್ತಿದ್ದಾರೆ ಎಂದುಕೊಳ್ಳಿ. ಮುಂದೆ ಬರುವ ಮೊತ್ತಗಳು ಲೆಕ್ಕ ತೋರಿಸಲು ಇಟ್ಟುಕೊಂಡವು. ನಿಮ್ಮ ಪತ್ರದಲ್ಲಿ ನಿಮ್ಮ ಲೆಕ್ಕವೇ ಇರಬೇಕು.

ಪತ್ರ ಬರೆಯುವ ಮೊದಲು ಕನಿಷ್ಠ ಮೂರು ತಿಂಗಳ ಲೆಕ್ಕದ ಪುಸ್ತಕ ಸಿದ್ಧವಿರಲಿ. ಜಂಪರಿನ ಹೊಲಿಗೆ ಕೂಲಿ ಒಟ್ಟಿಗೆ ಬರುವುದರಿಂದ ನೆನಪಿನಲ್ಲಿ ಉಳಿಯುತ್ತದೆ. ಆಲ್ಟರೇಷನ್ನಿನ ಐವತ್ತು, ಅರವತ್ತು ರೂಪಾಯಿ ಕೈಗೆ ಬಂದು ಸಂಜೆಯ ಕಾಯಿಪಲ್ಯಕ್ಕೆ ಹೋಗಿಬಿಡುತ್ತದೆ. ಆದ್ದರಿಂದ ‘ಪ್ಯಾಂಟಿನ ಕೆಳಗಂಚು ಮಡಚಿದ್ದು 60, ಚೂಡಿದಾರದ ಎರಡೂ ಬದಿ ಹಿಡಿದದ್ದು 50, ಜಿಪ್ ಬದಲಿಸಿದ್ದು 80’ ಎಂಬಂತೆ ಅಂದಂದೇ ತಾರೀಖು ಹಾಕಿ ಬರೆಯಬೇಕು. ಸಾಧ್ಯವಾದಷ್ಟು ಹಣವನ್ನು ಫೋನಿನ ಮೂಲಕ ನಿಮ್ಮ ಸ್ವಂತ ಖಾತೆಗೆ ಪಡೆಯಿರಿ. ಮಗನ ಅಥವಾ ಯಜಮಾನರ ಖಾತೆಗೆ ಹೋದ ಹಣವನ್ನು ನಿಮ್ಮ ಸಂಪಾದನೆಯೆಂದು ತೋರಿಸುವುದು ಕಷ್ಟವಾಗುತ್ತದೆ.

ಪತ್ರದ ಮೊದಲ ಭಾಗದಲ್ಲಿ ಹಣ ಯಾವುದಕ್ಕೆ ಬೇಕು ಎಂಬುದನ್ನು ಹೇಳಬೇಕು. ‘ವ್ಯಾಪಾರ ಅಭಿವೃದ್ಧಿಗಾಗಿ’ ಎಂದಷ್ಟೇ ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಈಗ ಯಾವ ಕೆಲಸ ಕೈತಪ್ಪುತ್ತಿದೆ, ಯಾವ ಮಷೀನಿನಿಂದ ಅದು ಸಿಗುತ್ತದೆ ಎಂದು ಬರೆಯಿರಿ. ನಮ್ಮ ಉದಾಹರಣೆಯ ಮಹಿಳೆ ಹೀಗೆ ಬರೆಯಬಹುದು:

‘ಶಾಖಾ ವ್ಯವಸ್ಥಾಪಕರಿಗೆ, ಮಾನ್ಯರೇ, ನಾನು ಮನೆಯಲ್ಲಿ ಹೊಲಿಗೆ ಮತ್ತು ಆಲ್ಟರೇಷನ್ ಕೆಲಸ ಮಾಡುತ್ತಿದ್ದೇನೆ. ಜೀನ್ಸ್ ಪ್ಯಾಂಟಿನ ಅಂಚು ಮಡಚುವಾಗ ಬದಿಯ ಹೊಲಿಗೆಗಳು ಕೂಡುವ ದಪ್ಪ ಜಾಗದಲ್ಲಿ ನನ್ನ ಹಳೆಯ ಮಷೀನಿನ ಸೂಜಿ ಮುರಿಯುವುದರಿಂದ ಆ ಕೆಲಸವನ್ನು ಹಿಂದಕ್ಕೆ ಕಳುಹಿಸುತ್ತಿದ್ದೇನೆ. ಕತ್ತರಿಸಿದ ಅಂಚಿನ ನೂಲು ಬಿಚ್ಚದಂತೆ ಓವರ್‌ಲಾಕ್ ಮಾಡಿಸಲು ಬಟ್ಟೆಗಳನ್ನು ಬೇರೆ ಅಂಗಡಿಗೆ ಒಯ್ದು ಕೂಲಿ ಕೊಡುತ್ತಿದ್ದೇನೆ. ಪವರ್ ಮಷೀನಿಗೆ 24,000, ಓವರ್‌ಲಾಕ್ ಮಷೀನಿಗೆ 11,000, ಇಸ್ತ್ರಿ ಪೆಟ್ಟಿಗೆ ಮತ್ತು ಮೇಜಿಗೆ 3,500, ಲೈನಿಂಗ್ ಬಟ್ಟೆ, ಫಾಲ್, ಜಿಪ್, ದಾರಗಳಿಗೆ 6,500, ಹೀಗೆ ಒಟ್ಟು 45,000 ರೂಪಾಯಿ ಬೇಕು. ಇದರಲ್ಲಿ 5,000 ನನ್ನ ಉಳಿತಾಯದಿಂದ ಹಾಕುತ್ತೇನೆ. 40,000 ರೂಪಾಯಿ ಸಾಲ ಕೋರುತ್ತೇನೆ.’

ಮಷೀನಿನ ಬೆಲೆಗೆ ಅಂಗಡಿಯ ಕೊಟೇಷನ್ ಜೊತೆಗಿರಬೇಕು. ಅದರಲ್ಲಿ ಮಾಡೆಲ್, ತೆರಿಗೆ ಸೇರಿದ ಬೆಲೆ, ಅಂಗಡಿಯ ಜಿಎಸ್‌ಟಿ ಸಂಖ್ಯೆ ಮತ್ತು ತಾರೀಖು ಕಾಣಬೇಕು. ಪತ್ರದಲ್ಲಿ ಒಂದು ಮೊತ್ತ, ಕೊಟೇಷನ್ನಿನಲ್ಲಿ ಇನ್ನೊಂದು ಮೊತ್ತ ಇದ್ದರೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ಮಷೀನಿನ ಹಣವನ್ನು ಬ್ಯಾಂಕು ನೇರವಾಗಿ ಅಂಗಡಿಯ ಖಾತೆಗೆ ಹಾಕುವುದುಂಟು. ಆದ್ದರಿಂದ ನಿಜವಾಗಿ ಕೊಳ್ಳುವ ಅಂಗಡಿಯಿಂದಲೇ ಕೊಟೇಷನ್ ತನ್ನಿ.

ಇನ್ನು ಕಂತಿನ ಭಾಗ. ಹೆಚ್ಚಿನ ಪತ್ರಗಳು ಸೋಲುವುದು ಇಲ್ಲಿಯೇ, ಏಕೆಂದರೆ ಬರೆಯುವವರು ಮದುವೆ ಹಂಗಾಮಿನ ಆದಾಯವನ್ನು ವರ್ಷವಿಡೀ ಬರುವ ಆದಾಯವೆಂಬಂತೆ ತೋರಿಸುತ್ತಾರೆ. ನಮ್ಮಲ್ಲಿ ಹೊಲಿಗೆಯ ಕೆಲಸ ಎಲ್ಲ ತಿಂಗಳೂ ಒಂದೇ ಸಮ ಇರುವುದಿಲ್ಲ. ಶರಣಬಸವೇಶ್ವರ ಜಾತ್ರೆ, ಬೇಸಿಗೆಯ ಮದುವೆಗಳು, ರಂಜಾನ್, ದೀಪಾವಳಿಗಳ ಮುಂಚೆ ಬಟ್ಟೆ ರಾಶಿ ಬೀಳುತ್ತದೆ. ಶಾಲೆ ತೆರೆಯುವಾಗ ಸಮವಸ್ತ್ರದ ಉದ್ದ-ಅಗಲ ಸರಿಪಡಿಸುವ ಕೆಲಸ ಬರುತ್ತದೆ. ಆಷಾಢ ಬಂತೆಂದರೆ ಮದುವೆಯ ಹೊಲಿಗೆ ನಿಂತು ಆಲ್ಟರೇಷನ್ ಮಾತ್ರ ಉಳಿಯುತ್ತದೆ. ಸಾಲದ ಕಂತು ಆಷಾಢದಲ್ಲಿಯೂ ಅಷ್ಟೇ ಇರುತ್ತದೆ. ಹೀಗಾಗಿ ಕಂತನ್ನು ಅತ್ಯಂತ ಕಡಿಮೆ ಆದಾಯದ ತಿಂಗಳಿಗೆ ಹೊಂದಿಸಿ ಕೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಉದಾಹರಣೆಯ ಮಹಿಳೆಗೆ ಮದುವೆಯ ತಿಂಗಳಲ್ಲಿ 16,000 ಬಂದರೆ ಆಷಾಢದಲ್ಲಿ 7,000 ಮಾತ್ರ ಬರುತ್ತದೆ ಎನ್ನೋಣ. ಆ 7,000ದಲ್ಲಿ ದಾರ, ಲೈನಿಂಗ್, ಕರೆಂಟು, ಓವರ್‌ಲಾಕ್ ಕೂಲಿಗೆ 1,900, ಸ್ತ್ರೀಶಕ್ತಿ ಸಂಘದ ಹಳೆಯ ಸಾಲದ ಕಂತಿಗೆ 500, ಮನೆ ಖರ್ಚಿಗೆ 3,000 ಹೋದರೆ ಉಳಿಯುವುದು 1,600. ವಾರ್ಷಿಕ ಶೇ 12ರ ಬಡ್ಡಿಯಲ್ಲಿ 40,000 ಸಾಲವನ್ನು 24 ತಿಂಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 1,883 ಕಟ್ಟಬೇಕು. ಅದು ಆಷಾಢದ ಉಳಿಕೆಗಿಂತ ಹೆಚ್ಚು. ಅದೇ ಸಾಲಕ್ಕೆ 36 ತಿಂಗಳ ಅವಧಿ ಕೇಳಿದರೆ ಕಂತು ಸುಮಾರು 1,329 ಆಗುತ್ತದೆ. ಆಗ ಆಷಾಢದಲ್ಲಿಯೂ ಕೈಯಲ್ಲಿ ಸ್ವಲ್ಪ ಉಳಿಯುತ್ತದೆ. ಒಟ್ಟು ಬಡ್ಡಿ ಸುಮಾರು 2,600 ರೂಪಾಯಿ ಹೆಚ್ಚಾಗುವುದು ನಿಜ, ಆದರೆ ಒಂದೆರಡು ಕಂತು ತಪ್ಪಿ ಹೆಸರು ಕೆಡುವುದಕ್ಕಿಂತ ಅದು ಮೇಲು. ಮದುವೆ ಹಂಗಾಮಿನಲ್ಲಿ ಹೆಚ್ಚು ಕಟ್ಟಿ ಸಾಲವನ್ನು ಬೇಗ ತೀರಿಸಲು ಅವಕಾಶವಿದೆಯೇ, ಅದಕ್ಕೆ ಶುಲ್ಕವಿದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಈ ಲೆಕ್ಕದಲ್ಲಿ ಹೊಸ ಮಷೀನಿನಿಂದ ಬರುವ ಹೆಚ್ಚಿನ ಆದಾಯವನ್ನು ಸೇರಿಸಿಲ್ಲ ಎಂಬುದನ್ನು ಗಮನಿಸಿ. ಅದನ್ನು ಪತ್ರದಲ್ಲಿ ಬೇರೆ ವಾಕ್ಯವಾಗಿ ಹೇಳಬಹುದು, ಆದರೆ ಕಂತು ಅದರ ಮೇಲೆ ನಿಂತಿರಬಾರದು. ‘ಕೆಲಸ ಅತ್ಯಂತ ಕಡಿಮೆಯಿರುವ ಆಷಾಢದಲ್ಲಿಯೂ ಈಗಿನ ಆದಾಯದಿಂದಲೇ ನನಗೆ 1,600 ರೂಪಾಯಿ ಉಳಿಯುತ್ತದೆ, ಆದ್ದರಿಂದ 36 ತಿಂಗಳ ಅವಧಿ ಕೋರುತ್ತೇನೆ’ ಎಂಬ ಒಂದು ವಾಕ್ಯ ಸಾಕು. ಇದಕ್ಕೆ ಲೆಕ್ಕದ ಪುಸ್ತಕದ ಪುಟಗಳ ಜೆರಾಕ್ಸ್ ಲಗತ್ತಿಸಿ.

ಸಂಘದ ಸಾಲವಾಗಲಿ, ಮೈಕ್ರೋಫೈನಾನ್ಸ್ ಸಾಲವಾಗಲಿ, ಇದ್ದದ್ದನ್ನು ಮುಚ್ಚಿಡಬೇಡಿ. ಬ್ಯಾಂಕಿನವರು ನಿಮ್ಮ ಒಪ್ಪಿಗೆ ಪಡೆದು ಕ್ರೆಡಿಟ್ ವರದಿ ತೆಗೆಸುತ್ತಾರೆ. ಅದರಲ್ಲಿ ಕಂಡ ಸಾಲ ಪತ್ರದಲ್ಲಿ ಇಲ್ಲದಿದ್ದರೆ ಉಳಿದ ಲೆಕ್ಕವನ್ನೂ ಅವರು ನಂಬುವುದಿಲ್ಲ. ಎಷ್ಟು ಬಾಕಿ, ತಿಂಗಳಿಗೆ ಎಷ್ಟು ಕಂತು, ಯಾವಾಗ ಮುಗಿಯುತ್ತದೆ ಎಂದು ಬರೆದರೆ ಅದೇ ನಿಮ್ಮ ಪರವಾಗಿ ನಿಲ್ಲುತ್ತದೆ, ಏಕೆಂದರೆ ತಪ್ಪದೆ ಕಟ್ಟುತ್ತಿರುವ ಕಂತು ನಿಮ್ಮ ಶಿಸ್ತಿಗೆ ಸಾಕ್ಷಿ.

ಆಧಾರ್, ಪ್ಯಾನ್, ಖಾತೆಯ ಆರು ತಿಂಗಳ ವಿವರಗಳ ಜೊತೆಗೆ ಉದ್ಯಮ ನೋಂದಣಿಯ ಪ್ರಮಾಣಪತ್ರವನ್ನೂ ಇಡಿ. ಈ ನೋಂದಣಿ udyamregistration.gov.in ತಾಣದಲ್ಲಿ ಉಚಿತ. ಹಣ ಕೇಳುವ ಮಧ್ಯವರ್ತಿಗಳಿಗೆ ಕೊಡಬೇಕಾಗಿಲ್ಲ. ಪತ್ರವನ್ನು ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಶಾಖೆಯ ಮೊಹರು ಮತ್ತು ತಾರೀಖು ಹಾಕಿಸಿಕೊಳ್ಳಿ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ಕೇಳಿ. ಲೆಕ್ಕ ಸಾಲದು ಎಂಬ ಕಾರಣವಿದ್ದರೆ ಇನ್ನೂ ಮೂರು ತಿಂಗಳ ಪುಟಗಳನ್ನು ಸೇರಿಸಿ ಅದೇ ಪತ್ರವನ್ನು ಮತ್ತೆ ಕೊಡಬಹುದು.